ಕೋಲು ಕಚ್ಚುವ ಮುಂಚೆ: ಒಂದು ಆಮೆ, ಎರಡು ಹಂಸ, ಮೂರು ಮಾತಿನ ಧಾಟಿ

ಪಂಚತಂತ್ರದ ಆಮೆ-ಹಂಸಗಳ ಕಥೆ ಎಲ್ಲರಿಗೂ ಗೊತ್ತು. ಕೆರೆ ಬತ್ತುತ್ತದೆ, ಎರಡು ಹಂಸಗಳು ಒಂದು ಕೋಲಿನ ಎರಡು ತುದಿ ಹಿಡಿಯುತ್ತವೆ, ಆಮೆ ನಡುವೆ ಕಚ್ಚಿಕೊಳ್ಳುತ್ತದೆ, ಬಾಯಿ ಬಿಟ್ಟು ಬೀಳುತ್ತದೆ. ಆಮೆಯ ಹೆಸರು ಕಂಬುಗ್ರೀವ, ಹಂಸಗಳು ಸಂಕಟ ಮತ್ತು ವಿಕಟ. ಈ ಕಥೆಯನ್ನು ಐದರಿಂದ ಎಂಟು ವರ್ಷದ ಮಕ್ಕಳಿಗಾಗಿ 6 ನಿಮಿಷದ ಅನಿಮೇಷನ್ ಮಾಡುವಾಗ ಸಂಭಾಷಣೆ ಹೇಗೆ ಬರೆಯಬೇಕು ಎನ್ನುವುದೇ ಇಲ್ಲಿನ ಪ್ರಕರಣ.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಾರುವ ಹೊತ್ತಿನಲ್ಲಿ ಆಮೆ ಮಾತ್ರವಲ್ಲ, ಹಂಸಗಳೂ ಮಾತಾಡುವಂತಿಲ್ಲ, ಅವುಗಳ ಕೊಕ್ಕಿನಲ್ಲೂ ಕೋಲಿದೆ. ಅಂದರೆ ಚಿತ್ರದ ಅರ್ಧ ಭಾಗ ಮೂರೂ ಬಾಯಿ ಬಂದ್. ಯಾರು ಹೇಗೆ ಮಾತಾಡುತ್ತಾರೆ ಅನ್ನುವುದು ಮೊದಲ ಮೂರು ನಿಮಿಷದಲ್ಲೇ ಮಕ್ಕಳ ಕಿವಿಗೆ ಕೂತಿರಬೇಕು. ಅಲ್ಲಿ ಕೂರದಿದ್ದರೆ ಮೇಲೆ ಹೋದಮೇಲೆ ಸರಿಪಡಿಸಲು ಮಾತೇ ಇರುವುದಿಲ್ಲ.

ಇಂಥ ಚಿತ್ರಕಥೆಯ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

ಆಮೆ: ಗೆಳೆಯರೇ, ಕೆರೆಯ ನೀರು ಬತ್ತುತ್ತಿದೆ. ನಾವೀಗ ಏನು ಮಾಡೋಣ?
ಸಂಕಟ: ನಾವು ಬೇರೆ ಕೆರೆಗೆ ಹೋಗೋಣ. ಅಲ್ಲಿ ತುಂಬಾ ನೀರಿದೆ.
ವಿಕಟ: ಹೌದು, ಆದರೆ ನಿನಗೆ ಹಾರಲು ಬರುವುದಿಲ್ಲವಲ್ಲ.
ಆಮೆ: ಚಿಂತೆ ಬೇಡ, ನನ್ನ ಬಳಿ ಒಂದು ಉಪಾಯವಿದೆ.

ಹೆಸರುಗಳ ಮೇಲೆ ಬೆರಳಿಟ್ಟು ಮುಚ್ಚಿ ಓದಿದರೆ ಯಾರ ಮಾತು ಯಾರದು ಅಂತ ಹೇಳಲು ಬರುವುದಿಲ್ಲ. ಈ ಪರೀಕ್ಷೆ ಎಲ್ಲರೂ ಮಾಡುತ್ತಾರೆ, ಆದರೆ ಸೋತಮೇಲೆ ಯಾಕೆ ಸೋತೆವು ಅಂತ ನೋಡುವವರು ಕಡಿಮೆ. ಇಲ್ಲಿ ನೋಡಿ: ಹೆಚ್ಚುಕಮ್ಮಿ ಎಲ್ಲ ವಾಕ್ಯವೂ ಮೂರ್ನಾಲ್ಕು ಪದದ್ದು. ಎಲ್ಲವೂ ಪೂರ್ಣ ಕ್ರಿಯಾಪದದಲ್ಲಿ ಇಳಿದು ನಿಲ್ಲುತ್ತವೆ. ಎಲ್ಲರೂ ಎದುರಿನವರ ಮಾತು ಪೂರ್ತಿ ಮುಗಿಯುವವರೆಗೆ ಕಾದು ನಂತರ ಶುರುಮಾಡುತ್ತಾರೆ. ಎಲ್ಲರದೂ ಪಠ್ಯಪುಸ್ತಕದ ಕನ್ನಡ. ಪಾತ್ರ ಮೂರು, ಬರೆದ ಕೈ ಒಂದೇ ಅಂತ ಎದ್ದು ಕಾಣುತ್ತದೆ.

ತಕ್ಷಣ ಹೊಳೆಯುವ ಪರಿಹಾರವೆಂದರೆ ಸಂಕಟನಿಗೆ ಧಾರವಾಡದ ಮಾತು, ವಿಕಟನಿಗೆ ಮಂಗಳೂರಿನದು, ಆಮೆಗೆ ಒಂದು ‘ಅಯ್ಯಯ್ಯಪ್ಪೋ’. ಎರಡನೇ ಕರಡಿನಲ್ಲಿ ಸಂಕಟ ‘ನಾವ್ ಬ್ಯಾರೆ ಕೆರಿಗೆ ಹೋಗೂಣು’ ಅನ್ನುತ್ತಾನೆ. ಪದಗಳ ಬಾಲ ಬದಲಾಯಿತು, ವಾಕ್ಯದ ಮೈ ಹಾಗೇ ಉಳಿಯಿತು. ಅದೇ ಉದ್ದ, ಅದೇ ಇಳಿತ, ಅದೇ ಮಾಹಿತಿ. ಇನ್ನೊಂದು ತೊಂದರೆ, ಒಂದೇ ಕೆರೆಯಲ್ಲಿ ಹುಟ್ಟಿ ಬೆಳೆದ ಮೂವರಿಗೆ ಮೂರು ಸೀಮೆಯ ನುಡಿ ಯಾಕೆ ಅನ್ನುವುದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಪ್ರಾದೇಶಿಕ ಮಾತು ಹಾಸ್ಯಕ್ಕಷ್ಟೇ ಅಂಟಿಸಿದ್ದು ಅಂತ ಆ ಸೀಮೆಯ ಪ್ರೇಕ್ಷಕರಿಗೆ ಮೊದಲು ತಿಳಿಯುತ್ತದೆ. ಯಕ್ಷಗಾನದಲ್ಲಿ ರಾಜ ಗ್ರಾಂಥಿಕ ಕನ್ನಡದಲ್ಲೂ ಹಾಸ್ಯಗಾರ ಆಡುಮಾತಿನಲ್ಲೂ ಮಾತಾಡುವುದು ಒಪ್ಪುತ್ತದೆ, ಅಲ್ಲಿ ಇಬ್ಬರೂ ನಿಂತಿರುವ ಜಾಗ ಬೇರೆಬೇರೆ. ಈ ಮೂವರು ನಿಂತಿರುವುದು ಒಂದೇ ಕೆಸರಿನಲ್ಲಿ.

ಹಾಗಾಗಿ ಸೀಮೆಯನ್ನು ಬದಿಗಿಟ್ಟು ಬೇರೆ ಪ್ರಶ್ನೆ ಕೇಳಬೇಕು: ಈ ಪಾತ್ರ ಮಾತನ್ನು ಯಾವುದಕ್ಕೆ ಬಳಸುತ್ತದೆ? ಸಂಕಟ ದೊಡ್ಡವನು, ತೀರ್ಮಾನ ಹೇಳಲು ಮಾತ್ರ ಕೊಕ್ಕು ತೆರೆಯುತ್ತಾನೆ. ವಿಕಟ ಅಪಾಯ ಲೆಕ್ಕಹಾಕುವವನು, ಕೇಳಿದ್ದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಲು ಮಾತಾಡುತ್ತಾನೆ. ಕಂಬುಗ್ರೀವನಿಗೆ ಮಾತು ನಿಂತರೆ ಎದುರಿಗಿದ್ದವರು ಹಾರಿಹೋಗುತ್ತಾರೆ ಅನ್ನುವ ಭಯ. ಗೆಳೆಯರಿಗೆ ರೆಕ್ಕೆ ಇದೆ, ಅವನಿಗಿಲ್ಲ. ಮಾತಿನಲ್ಲಿ ಕಟ್ಟಿಹಾಕುವುದೊಂದೇ ಅವನಿಗೆ ಗೊತ್ತಿರುವ ದಾರಿ.

ಈ ಮೂರು ಉದ್ದೇಶಗಳನ್ನು ವ್ಯಾಕರಣಕ್ಕೆ ಇಳಿಸಬಹುದು, ಕನ್ನಡ ಅದಕ್ಕೆ ಒಳ್ಳೆಯ ಅನುಕೂಲ ಕೊಡುತ್ತದೆ. ‘ಹೋಗಿ’, ‘ನೋಡಿ’, ‘ಬಂದು’, ‘ನಕ್ಕು’ ಮುಂತಾದ ಕೃದಂತಾವ್ಯಯಗಳನ್ನು ಒಂದರ ಹಿಂದೆ ಒಂದು ಎಷ್ಟು ಬೇಕಾದರೂ ಪೋಣಿಸಬಹುದು. ಪೂರ್ಣ ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿದಿಲ್ಲ, ಮುಗಿಯುವವರೆಗೆ ಕೇಳುವವನಿಗೆ ಎದ್ದುಹೋಗಲು ಆಗುವುದಿಲ್ಲ. ಆಮೆಗೆ ಬೇಕಾದದ್ದು ಇದೇ. ಆದ್ದರಿಂದ ನಿಯಮ ಒಂದೇ: ಕಂಬು ಕ್ರಿಯಾಪದಕ್ಕೆ ಎಂದೂ ತಲುಪುವುದಿಲ್ಲ. ಸಂಕಟನದು ಇದರ ಎದುರು. ವಾಕ್ಯಕ್ಕೆ ಒಂದು ಅಥವಾ ಎರಡು ಪದ, ಕೊನೆಯಲ್ಲಿ ಗಟ್ಟಿ ಪೂರ್ಣವಿರಾಮ. ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ‘ಕಣೋ’ ‘ಕಣಯ್ಯ’ ಇಲ್ಲ. ವಿಕಟ ಎದುರಿನವನ ಕೊನೆಯ ಪದವನ್ನು ಎತ್ತಿ ಪ್ರಶ್ನೆ ಮಾಡುತ್ತಾನೆ, ಸ್ವಲ್ಪ ತಡೆಯುತ್ತಾನೆ, ಆಮೇಲೆ ತನ್ನ ಅನುಮಾನ ಹೇಳುತ್ತಾನೆ. ಸಂಕಟನನ್ನು ‘ಅಣ್ಣಾ’ ಅನ್ನುತ್ತಾನೆ. ಆಮೆಗೆ ಇಬ್ಬರೂ ‘ಕಣ್ರೋ’.

ಪದಸಂಪತ್ತಿಗೆ ಉದ್ದ ಪಟ್ಟಿ ಮಾಡುವ ಬದಲು ಒಂದೇ ವಸ್ತುವಿಗೆ ಮೂವರೂ ಏನನ್ನುತ್ತಾರೆ ಅಂತ ಬರೆದರೆ ಬೇಗ ಕೆಲಸವಾಗುತ್ತದೆ. ಹಿಡಿದು ಹಾರಬೇಕಾದದ್ದು ಸಂಕಟನಿಗೆ ‘ಕೋಲು’. ವಿಕಟನಿಗೆ ‘ಈ ಒಣಕೊಂಬೆ’, ಮುರಿದರೇನು ಗತಿ ಅನ್ನುವ ಯೋಚನೆ ಹೆಸರಿನಲ್ಲೇ ಇದೆ. ಕಂಬುವಿಗೆ ‘ನಮ್ಮ ಪಲ್ಲಕ್ಕಿ’. ಉಳಿದ ನೀರು ಸಂಕಟನಿಗೆ ಬರೀ ‘ನೀರು’, ವಿಕಟನಿಗೆ ‘ಗೇಣುದ್ದ’, ಕಂಬುವಿಗೆ ‘ನಮ್ಮನೆ’. ಇಂಥ ನಾಲ್ಕೈದು ವಸ್ತು ಸಾಕು, ಉಳಿದ ಪದಗಳು ತಾವೇ ದಾರಿ ಹಿಡಿಯುತ್ತವೆ. ಜೊತೆಗೆ ಪ್ರತಿ ಪಾತ್ರಕ್ಕೂ ನಿಷಿದ್ಧ ಪದ ಇರಬೇಕು, ಬರೆಯುವಾಗ ಇದು ಇನ್ನೂ ಹೆಚ್ಚು ಕಾಯುತ್ತದೆ. ಕಂಬುವಿನ ಬಾಯಲ್ಲಿ ‘ಆದರೆ’ ಬರಬಾರದು, ಅವನು ಯಾವುದನ್ನೂ ಎದುರುಬದುರು ಇಟ್ಟು ತೂಗುವವನಲ್ಲ. ಸಂಕಟ ‘ಅಂತೆ’ ಅನ್ನಬಾರದು, ಕಂಡದ್ದನ್ನು ಮಾತ್ರ ಹೇಳುತ್ತಾನೆ. ವಿಕಟನಿಗೆ ‘ಖಂಡಿತ’ ಇಲ್ಲ.

ಅದೇ ದೃಶ್ಯ ಈಗ:

ಕಂಬು: ಅಲ್ಲ ಕಣ್ರೋ, ನಿನ್ನೆ ಬಂಡೆ ಹತ್ರ ಹೋಗಿ, ಕಾಲು ಇಳಿಸಿ ನೋಡಿ, ಕಪ್ಪೇನ ಕರೆದು, ಅದಕ್ಕೂ ತೋರಿಸಿ, ಅದು ನಕ್ಕು, ನಾನು ಬೈದು, ಆಮೇಲೆ —
ಸಂಕಟ: ನೀರಿಲ್ಲ. ಹೊರಡೋಣ.
ವಿಕಟ: ಹೊರಡೋಣ? ಮತ್ತೆ ಇವನ ಬೆನ್ನಿಗೆ ರೆಕ್ಕೆ ಯಾರು ಕಟ್ಟೋರು?

ಇಲ್ಲಿಂದ ಮುಂದಿನದು ಅಳತೆಯ ಕೆಲಸ. ಅನಿಮೇಷನ್‌ನಲ್ಲಿ ಧ್ವನಿ ಮೊದಲು ಮುದ್ರಣವಾಗಿ, ಅದರ ಮೇಲೆ ಚಿತ್ರ ಕೂರುವುದು ರೂಢಿ. ಆದ್ದರಿಂದ ಬರೆಯುವಾಗಲೇ ಮಾತಿನ ಉದ್ದ ಗೊತ್ತಿದ್ದರೆ, ಕಚ್ಚಾ ಚಿತ್ರಗಳನ್ನು ಧ್ವನಿಗೆ ಜೋಡಿಸಿ ಸಮಯ ನೋಡುವ ಅನಿಮ್ಯಾಟಿಕ್ ಹಂತದಲ್ಲಿ ಒದ್ದಾಟ ಕಮ್ಮಿ. ಉಚ್ಚಾರದಲ್ಲಿ ಕೇಳುವಷ್ಟು ಅಕ್ಷರಗಳನ್ನೇ ಎಣಿಸಬೇಕು: ‘ಹತ್ರ’ ಎರಡು, ‘ನೀರಿಲ್ಲ’ ಮೂರು. ಈ ಚಿತ್ರಕ್ಕೆ ಇಟ್ಟುಕೊಂಡ ವೇಗ ಆಮೆಗೆ ಸೆಕೆಂಡಿಗೆ 7 ಅಕ್ಷರ, ಸಂಕಟನಿಗೆ 4, ವಿಕಟನಿಗೆ 5. ನಿಧಾನದ ಪ್ರಾಣಿಗೆ ಅತಿ ವೇಗದ ಬಾಯಿ ಕೊಟ್ಟದ್ದು ಬೇಕೆಂದೇ. ನಡಿಗೆ ನಿಧಾನ ಅಂತ ಮಾತನ್ನೂ ನಿಧಾನ ಮಾಡಿದರೆ ಧ್ವನಿ ಚಿತ್ರವನ್ನೇ ಮತ್ತೆ ಹೇಳುತ್ತದೆ, ಹೊಸದೇನೂ ಸೇರುವುದಿಲ್ಲ.

ಕಂಬುವಿನ ಮೇಲಿನ ಮಾತಿನಲ್ಲಿ 42 ಅಕ್ಷರಗಳಿವೆ. ಅಂದರೆ 6 ಸೆಕೆಂಡು, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 144 ಫ್ರೇಮು. ಸಂಕಟನ 7 ಅಕ್ಷರಕ್ಕೆ 42 ಫ್ರೇಮು, ಎರಡು ವಾಕ್ಯಗಳ ನಡುವೆ 12 ಫ್ರೇಮಿನ ಮೌನ ಸೇರಿ 54. ಆ ಮೌನವನ್ನು ಚಿತ್ರಕಥೆಯಲ್ಲಿ ಬರೆದೇ ಇಡಬೇಕು. ಬರೆಯದಿದ್ದರೆ ಸಂಕಲನದಲ್ಲಿ ಯಾರಾದರೂ ‘ಇಲ್ಲಿ ಖಾಲಿ ಇದೆ’ ಅಂತ ಕತ್ತರಿಸುತ್ತಾರೆ, ಸಂಕಟನ ಅರ್ಧ ವ್ಯಕ್ತಿತ್ವ ಅದರ ಜೊತೆ ಹೋಗುತ್ತದೆ.

ಕಂಬುವಿನ ವೇಗದಲ್ಲಿ ಒಂದು ಅಕ್ಷರಕ್ಕೆ ಮೂರೂವರೆ ಫ್ರೇಮೂ ಸಿಗುವುದಿಲ್ಲ. ಒಂದು ಚಿತ್ರ ಎರಡು ಫ್ರೇಮು ನಿಲ್ಲುವ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಬೇರೆ ಬಾಯಿ ಬರೆದರೆ ತೆರೆಯ ಮೇಲೆ ಬಾಯಿ ಪಟಪಟ ನಡುಗಿದ ಹಾಗೆ ಕಾಣುತ್ತದೆ. ಅನಿಮೇಟರ್ ಕೆಲವು ಅಕ್ಷರ ಬಿಡಲೇಬೇಕು. ಬಿಡಬಾರದ್ದು ತುಟಿ ಮುಚ್ಚುವ ಪ, ಬ, ಮ. ‘ಬಂಡೆ’ ಅನ್ನುವಾಗ ತುಟಿ ತೆರೆದೇ ಇದ್ದರೆ ಮಕ್ಕಳಿಗೆ ಏನು ತಪ್ಪು ಅಂತ ಗೊತ್ತಾಗದಿದ್ದರೂ ಮಾತು ಬಾಯಿಗೆ ಅಂಟಿಲ್ಲ ಅನ್ನಿಸುತ್ತದೆ. ಆ ಸಾಲಿನಲ್ಲಿ ಇಂಥ ಜಾಗ ನಾಲ್ಕೇ: ಬಂಡೆ, ಕಪ್ಪೇನ, ಬೈದು, ಆಮೇಲೆ. ಅವು ಒತ್ತೊತ್ತಾಗಿ ಬಿದ್ದಿಲ್ಲ, ನಡುವೆ ಬಾಯಿ ಸುಮಾರಾಗಿ ತೆರೆದುಕೊಂಡಿದ್ದರೆ ನಡೆಯುತ್ತದೆ. ಅದೇ ವೇಗದಲ್ಲಿ ‘ಬೊಂಬಾಟ್ ಬಾಂಬೆ ಮಿಠಾಯಿ’ ಅಂತ ಬರೆದಿದ್ದರೆ ಅನಿಮೇಟರ್ ಬರೆದವರನ್ನು ಹುಡುಕಿಕೊಂಡು ಬರುತ್ತಿದ್ದರು. ಹಂಸಗಳಿಗೆ ತುಟಿಯೇ ಇಲ್ಲ, ಕೊಕ್ಕು ಮುಚ್ಚುವುದೊಂದೇ ಆಕಾರ. ಸಂಕಟನ ‘ಬಾಯಿ ಬಿಡಬೇಡ’ ಅನ್ನುವ ಆರು ಅಕ್ಷರದಲ್ಲಿ ಕೊಕ್ಕು ಮೂರು ಸಲ ಟಕ್ಕೆಂದು ಮುಚ್ಚುತ್ತದೆ, ಎಚ್ಚರಿಕೆಗೆ ಅದಕ್ಕಿಂತ ಒಳ್ಳೆಯ ಅಭಿನಯ ಬೇಡ.

ಉದ್ದ ಸಾಲಿನ ಖರ್ಚು ಇಳಿಸಲು ಇನ್ನೊಂದು ಉಪಾಯವಿದೆ. ಕಂಬುವಿನ 144 ಫ್ರೇಮಿನಲ್ಲಿ ಮೊದಲ 40ರಷ್ಟು ಅವನ ಮುಖದ ಮೇಲೆ ಇಟ್ಟು, ಉಳಿದದ್ದನ್ನು ಕೇಳುತ್ತಿರುವ ಹಂಸಗಳ ಮೇಲೆ ಓಡಿಸಬಹುದು. ಸಂಕಟ ಆಕಾಶ ನೋಡುತ್ತಾನೆ, ವಿಕಟ ಕೋಲನ್ನು ಕಾಲಿನಿಂದ ಒತ್ತಿ ನೋಡುತ್ತಾನೆ. ಬಾಯಿ ಬರೆಯುವ ಕೆಲಸ ಉಳಿಯಿತು, ಇಬ್ಬರ ಸ್ವಭಾವವೂ ಕಂಡಿತು. ಇದಕ್ಕೆ ಒಂದು ಷರತ್ತಿದೆ. ಕಂಬುವಿನ ಸರಪಳಿಯೊಳಗೆ ಕಥೆಗೆ ಬೇಕಾದ ಮಾಹಿತಿ ಇರಬಾರದು. ಆರು ವರ್ಷದ ಮಗು 42 ಅಕ್ಷರದ ಮಧ್ಯೆ ಅಡಗಿದ ಸುದ್ದಿಯನ್ನು ಹಿಡಿಯುವುದಿಲ್ಲ. ನೀರಿಲ್ಲ, ಹೊರಡಬೇಕು, ಬಾಯಿ ಬಿಡಬಾರದು, ಈ ಮೂರೂ ಸಂಕಟನ ಬಾಯಲ್ಲೇ ಬರಬೇಕು.

ಈಗ ಹಾರಾಟದ ಭಾಗ. ಮೂವರೂ ಬಾಯಿ ಮುಚ್ಚಿಕೊಂಡೇ ಮೂಗಿನಲ್ಲಿ ‘ಹ್ಮ್’ ಅನ್ನಬಹುದು, ಅಷ್ಟೇ. ಪದ ಪೂರ್ತಿ ಹೋಯಿತು, ಉಳಿದದ್ದು ಲಯ ಮಾತ್ರ. ಹಾರುವ ಮುಂಚಿನ, ನೆಲದ ಮೇಲಿನ ದೃಶ್ಯದ ಸಂಭಾಷಣೆಯನ್ನು ಒಬ್ಬರೇ ಒಂದೇ ದನಿಯಲ್ಲಿ, ಪದವಿಲ್ಲದೆ, ಬರೀ ಹ್ಮ್‌ಗಳಲ್ಲಿ ಫೋನಿಗೆ ಮುದ್ರಿಸಿ, ಚಿತ್ರಕಥೆ ಓದಿರುವ ಇನ್ನೊಬ್ಬರಿಗೆ ಕೇಳಿಸಬೇಕು. ಯಾರ ಮಾತು ಯಾವುದು ಅಂತ ಅವರು ಹೇಳಿದರೆ ಲಯ ಬೇರ್ಪಟ್ಟಿದೆ. ಹೆಸರು ಮುಚ್ಚುವ ಪರೀಕ್ಷೆಗಿಂತ ಇದು ಕಠಿಣ, ಏಕೆಂದರೆ ‘ಪಲ್ಲಕ್ಕಿ’, ‘ಅಣ್ಣಾ’ ಇವುಗಳ ಆಸರೆ ಇಲ್ಲಿಲ್ಲ.

ಈ ಪರೀಕ್ಷೆಯಲ್ಲಿ ಕಂಬು ಸುಲಭವಾಗಿ ಪಾರಾಗುತ್ತಾನೆ. ಸಿಕ್ಕಿಬೀಳುವುದು ವಿಕಟ. ಅವನ ಹಿಂದಿನ ರೂಪ ಹೀಗಿತ್ತು ಅಂದುಕೊಳ್ಳಿ:

ಸಂಕಟ: ನೀರಿಲ್ಲ. ಹೊರಡೋಣ.
ವಿಕಟ: ನೀರಿಲ್ವಾ? ಹೊರಡೋಣ್ವಾ?

ಪದದಲ್ಲಿ ನೋಡಿದರೆ ಒಬ್ಬ ಹೇಳುತ್ತಾನೆ, ಒಬ್ಬ ಕೇಳುತ್ತಾನೆ. ಹ್ಮ್‌ನಲ್ಲಿ ಎರಡೂ ಒಂದೇ: ಮೂರು ಬಡಿತ, ತಡೆ, ನಾಲ್ಕು ಬಡಿತ. ಪೂರ್ತಿ ಸಾಲನ್ನು ಮರುನುಡಿದರೆ ಎದುರಿನವನ ಲಯವನ್ನೂ ಹೊತ್ತುಕೊಂಡು ಬಂದ ಹಾಗೆ. ಆದ್ದರಿಂದ ವಿಕಟನಿಗೆ ನಿಯಮ ಬಿಗಿಯಾಗಬೇಕು: ಒಂದೇ ಪದ ಎತ್ತಬೇಕು, 10 ಫ್ರೇಮು ತಡೆಯಬೇಕು, ಆಮೇಲೆ ಬರುವ ಪ್ರಶ್ನೆ ಕಡಿಮೆಯೆಂದರೂ 12 ಅಕ್ಷರ ಇರಬೇಕು. ‘ಹೊರಡೋಣ?’ ನಾಲ್ಕು, ತಡೆ, ನಂತರ ಹದಿನೈದು. ಗಿಡ್ಡ-ಉದ್ದ ಅನ್ನುವ ಈ ಆಕಾರ ಸಂಕಟನ ಗಿಡ್ಡ-ಗಿಡ್ಡಕ್ಕೂ ಕಂಬುವಿನ ಬರೀ ಉದ್ದಕ್ಕೂ ಹತ್ತಿರ ಬರುವುದಿಲ್ಲ.

ಇದು ಸರಿಹೋದಮೇಲೆ ಹಾರುವಾಗ ಸಂಭಾಷಣೆಯೇ ನಡೆಯಬಹುದು. ಆಮೆ ಕಣ್ಣರಳಿಸಿ ‘ಹ್ಮ್‌ಹ್ಮ್‌ಹ್ಮ್‌ಹ್ಮ್’ ಅಂತ ಶುರುಮಾಡುತ್ತಾನೆ, ಸಂಕಟ ‘ಹ್ಮ್. ಹ್ಮ್.’ ಅಂತ ತಡೆಯುತ್ತಾನೆ, ವಿಕಟ ‘ಹ್ಮ್?’ ಅಂದು ನಿಂತು ಉದ್ದಕ್ಕೆ ಎಳೆಯುತ್ತಾನೆ. ಮಕ್ಕಳು ನಗುತ್ತಾರೆ, ಏಕೆಂದರೆ ಪದವಿಲ್ಲದಿದ್ದರೂ ಏನು ಹೇಳುತ್ತಿದ್ದಾರೆ ಅಂತ ಅವರಿಗೆ ಗೊತ್ತು.

ಕೋಲು ಕಚ್ಚುವ ಮುಂಚಿನ ಷರತ್ತಿನ ಮಾತು ಇಡೀ ಚಿತ್ರದ ಕೀಲು. ಅದನ್ನು ಪೂರ್ತಿ ಕೊಡುವುದು ವಾಸಿ:

ಸಂಕಟ: ಕೋಲು ಕಚ್ಚು. ಬಾಯಿ ಬಿಡಬೇಡ.
ವಿಕಟ: ಬೇಡ? ಅಣ್ಣಾ, ಸೀನು ಬಂದ್ರೆ ಏನ್ಮಾಡ್ತಾನೆ, ಕೆಳಗಿಂದ ಯಾರಾದ್ರೂ ರೇಗಿಸಿದ್ರೆ?
ಕಂಬು: ಅಲ್ಲ ಕಣ್ರೋ, ನಮ್ಮ ಪಲ್ಲಕ್ಕಿ ಕಚ್ಚಿ, ಕಣ್ಣು ಮುಚ್ಚಿ, ಸೀನು ಬಂದ್ರೆ ಸೀನನ್ನೇ ನುಂಗಿ, ನಗು ಬಂದ್ರೆ ಅದನ್ನೂ ನುಂಗಿ, ಆ ಕೆರೆ ಸಿಕ್ಕಮೇಲೆ ಮೆತ್ತಗೆ ಇಳಿದು, ಆಮೇಲೆ —
ಸಂಕಟ: ಕಚ್ಚು.

ಇಲ್ಲಿ ಕಂಬು ಮಾತು ಕೊಟ್ಟ ಹಾಗೆ ಕೇಳಿಸುತ್ತದೆ. ಆದರೆ ‘ಸುಮ್ಮನಿರ್ತೀನಿ’ ಅನ್ನುವ ಕ್ರಿಯಾಪದ ಎಲ್ಲೂ ಇಲ್ಲ. ಅವನ ವಾಕ್ಯದ ಸ್ವಭಾವದಿಂದಾಗಿಯೇ ಆಣೆ ಪೂರ್ತಿಯಾಗಲಿಲ್ಲ. ವಿಕಟನಿಗೆ ಇದು ಹೊಳೆದು ಕತ್ತು ಓರೆ ಮಾಡುವಷ್ಟರಲ್ಲಿ ಸಂಕಟ ‘ಕಚ್ಚು’ ಅಂದಾಗಿದೆ. ಪ್ರೇಕ್ಷಕರು ಇದನ್ನು ಗಮನಿಸಲೇಬೇಕೆಂದಿಲ್ಲ, ಆದರೆ ಲಯ ಕಥೆಯ ಕೆಲಸ ಮಾಡುವುದು ಇಂಥಲ್ಲಿ. ಮೊದಲ ಕರಡಿನ ಆಮೆ ಇಲ್ಲಿ ‘ನಾನು ಖಂಡಿತ ಬಾಯಿ ತೆರೆಯುವುದಿಲ್ಲ’ ಅನ್ನುತ್ತಿದ್ದ, ಮುಂದೆ ಮಾತು ಮುರಿದ ತಪ್ಪಿತಸ್ಥನಾಗುತ್ತಿದ್ದ. ಈ ಆಮೆ ತಪ್ಪಿತಸ್ಥನಿಗಿಂತ ಹೆಚ್ಚಾಗಿ ಆಣೆಯನ್ನೇ ಮುಗಿಸಲಾರದವನು.

‘ಆಮೇಲೆ —’ ಅನ್ನುವ ಆ ಗೆರೆಯಲ್ಲಿ ಒಂದು ತಾಂತ್ರಿಕ ತೊಡಕು ಇದೆ. ಚಿತ್ರಕಥೆಯಲ್ಲಿ ಮಾತು ಗೆರೆಗೆ ನಿಂತರೆ ಧ್ವನಿ ಕಲಾವಿದರೂ ಅಲ್ಲೇ ನಿಲ್ಲುತ್ತಾರೆ, ನಿಲ್ಲುವುದು ಗೊತ್ತಿರುವುದರಿಂದ ದನಿ ತಾನಾಗಿ ಇಳಿಯುತ್ತದೆ. ಆಮೇಲೆ ಸಂಕಟನ ಮಾತು ಸೇರಿಸಿದರೆ ತಡೆದ ಹಾಗೆ ಇರುವುದಿಲ್ಲ, ಕಂಬು ಪಾಳಿ ಬಿಟ್ಟುಕೊಟ್ಟ ಹಾಗಿರುತ್ತದೆ. ಆದ್ದರಿಂದ ಗೆರೆಯ ಆಚೆಗೂ ಬರೆಯಬೇಕು: ‘ಆಮೇಲೆ ಅಲ್ಲಿನ ಕಪ್ಪೆಗಳನ್ನ ಕರೆದು, ಊರು ಯಾವುದು ಅಂತ ಕೇಳಿ...’ ಕಲಾವಿದರು ಪೂರ್ತಿ ಓದಬೇಕು, ಸಂಕಲನಕಾರರು ಬೇಕಾದಲ್ಲಿ ಕತ್ತರಿಸಬೇಕು. ಇಬ್ಬರು ಕಲಾವಿದರನ್ನು ಒಟ್ಟಿಗೆ ಕೂರಿಸಿ ನಿಜವಾಗಿ ತಡೆಯುವಂತೆ ಮಾಡಿದರೆ ಅಭಿನಯ ಚೆನ್ನಾಗಿ ಬರುತ್ತದೆ, ಆದರೆ ಎರಡೂ ದನಿ ಒಂದೇ ಮೈಕಿನಲ್ಲಿ ಬೆರೆತುಹೋದರೆ ಮುಂದೆ ಸಮಯ ಹೊಂದಿಸಲು ಬರುವುದಿಲ್ಲ. ಒಟ್ಟಿಗೆ ಒಮ್ಮೆ ಅಭ್ಯಾಸ ಮಾಡಿಸಿ, ಬೇರೆಬೇರೆಯಾಗಿ ಮುದ್ರಿಸುವುದು ಮಧ್ಯದ ದಾರಿ.

ಕೊನೆಗೆ ಬೀಳುವ ಮಾತು. ಸಂಸ್ಕೃತ ಪಂಚತಂತ್ರದಲ್ಲಿ ಆಮೆ ‘ಇದೇನು ಗದ್ದಲ’ ಅಂತ ಕೇಳಹೋಗಿ ಅರ್ಧ ಮಾತಿನಲ್ಲೇ ಬೀಳುತ್ತದೆ, ಹಿತೋಪದೇಶದಲ್ಲಿ ಜನರನ್ನು ‘ಬೂದಿ ತಿನ್ನಿ’ ಅಂತ ಬೈದು ಬೀಳುತ್ತದೆ, ಎರಡರಲ್ಲೂ ಸಾಯುತ್ತದೆ. ಪುಟ್ಟ ಮಕ್ಕಳ ಈ ಚಿತ್ರದಲ್ಲಿ ಬೀಳುವುದು ಹೊಸ ಕೆರೆಯ ಅಂಚಿನ ಕೆಸರಿಗೆ. ಅರ್ಧ ಮಾತೇ ಸಹಜ ಆಯ್ಕೆ ಅನ್ನಿಸಬಹುದು. ಆದರೆ ಕಂಬುವಿನ ಮಾತು ಇಷ್ಟು ಹೊತ್ತೂ ಅರ್ಧಕ್ಕೇ ನಿಂತಿದೆ, ಇನ್ನೊಂದು ಅರ್ಧ ಯಾರ ಕಿವಿಗೂ ಬೀಳುವುದಿಲ್ಲ. ನಿಯಮ ಮುರಿಯಲು ಇದೊಂದೇ ಜಾಗ. ಕೆಳಗಿನ ಹುಡುಗರು ‘ಏ, ಆಮೆ ಕೋಲಿಗೆ ನೇತಾಡ್ತೈತೆ ನೋಡ್ರೋ’ ಅಂತ ಕೂಗಿದಾಗ ಕಂಬು ಚಿತ್ರದಲ್ಲಿ ಮೊದಲ ಸಲ ಒಂದು ವಾಕ್ಯ ಮುಗಿಸುತ್ತಾನೆ:

ಕಂಬು: ಅಲ್ಲ ಕಣ್ರೋ, ನಾನು ಹಾರ್ತಾ ಇದ್ದೀನಿ!

ಮೊದಲ ಅಕ್ಷರಕ್ಕೇ ಕೋಲು ಬಿಟ್ಟಿರುವುದರಿಂದ ಇಡೀ ಸಾಲು ಬೀಳುತ್ತಲೇ ಆಡಬೇಕು. 30 ಮೀಟರ್ ಎತ್ತರದಿಂದ ಬೀಳಲು ಎರಡೂವರೆ ಸೆಕೆಂಡು, ಸುಮಾರು 59 ಫ್ರೇಮು. 11 ಅಕ್ಷರಕ್ಕೆ ಅವನ ವೇಗದಲ್ಲಿ 38 ಫ್ರೇಮು ಸಾಕು. ಉಳಿದ 21 ಫ್ರೇಮು ಅವನ ಬಾಯಿ ತೆರೆದೇ ಇರುತ್ತದೆ, ಹೇಳಲು ಏನೂ ಇಲ್ಲ. ಅಲ್ಲಿಗೆ ಇನ್ನೊಂದು ‘ಅಯ್ಯೋ’ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಸೇರಿಸಬಾರದು. ಕೆಸರಿನ ಸದ್ದಾದಮೇಲೆ ಹಂಸಗಳ ಕೊಕ್ಕಿನಿಂದ ಕೋಲು ಬೀಳುತ್ತದೆ. ವಿಕಟ ತನ್ನ ನಿಯಮದಂತೆ ಕಂಬುವಿನ ಕೊನೆಯ ಪದವನ್ನೇ ಎತ್ತುತ್ತಾನೆ:

ವಿಕಟ: ಇದ್ದೀಯಾ?

ಈ ಒಮ್ಮೆ ಮಾತ್ರ 10 ಫ್ರೇಮಿನ ತಡೆಯ ನಂತರ ಅವನ ಉದ್ದ ಪ್ರಶ್ನೆ ಬರುವುದಿಲ್ಲ. ತಡೆಯನ್ನು 36 ಫ್ರೇಮಿಗೆ ಎಳೆಯಬೇಕು, ಕೆಸರಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯುವಷ್ಟು ಹೊತ್ತು.

ಸಂಕಟ: ಇದ್ದಾನೆ.
ಕಂಬು: ಅಲ್ಲ ಕಣ್ರೋ, ಮೇಲಿಂದ ಜಾರಿ, ಗಾಳೀಲಿ ಉರುಳಿ, ಕೆಸರಿಗೆ ಬಂದು, ಕಣ್ಣು ಬಿಟ್ಟು ನೋಡಿ, ಆಮೇಲೆ —